ಇರುವೆ ಯಾರ ಮನೆಯದು

ಮಾಣಿಕನಗರದ ಜಯಮಾಲಾ ಜಗಳಗಂಟಿಯಲ್ಲ. ಆದರೆ ತನ್ನ ಕೌದಿಯಲ್ಲಿ ಯಾರಾದರೂ ಕುಂದು ಹುಡುಕಿದರೆ ಸೆರಗು ಸಿಕ್ಕಿಸಿ ನಿಲ್ಲುತ್ತಾಳೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವುದು ಅತ್ತೆ ಮಾಣಿಕಮ್ಮ, ಫೋಟೊ ಕಳಿಸಿ ವಾಟ್ಸಾಪಿನಲ್ಲಿ ಮಾರುವುದು ಸೊಸೆ. ಊರೂರಿಗೆ ಹೋದ ಕೌದಿಗಳ ಪೈಕಿ ಒಂದೂ ವಾಪಸು ಬಂದಿರಲಿಲ್ಲ. ಆ ಹೆಮ್ಮೆ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಬಸವಕಲ್ಯಾಣದ ಫರಹತ್ ತನ್ನ ಕೂಸಿಗೆಂದು ಒಂದು ತರಿಸಿಕೊಂಡಳು. ತಲುಪಿದ ನಾಲ್ಕನೇ ದಿನ ಮೆಸೇಜುಗಳ ಸುರಿಮಳೆ. ಕೌದಿಗೆ ಇರುವೆ ಹತ್ತಿವೆ, ಕೂಸಿಗೆ ಕಚ್ಚಿವೆ, ಬಣ್ಣ ಮಾಸಿದೆ, ನೀವು ಮೋಸಗಾರರು, ರೊಕ್ಕ ವಾಪಸು ಕೊಡಿ, ಮೇಲೆ ಎರಡು ಕೌದಿ ಪುಕ್ಕಟೆ ಕೊಡಿ, ಗಾದಿಯನ್ನೂ ಕೊಡಿಸಿ!

ಜಯಮಾಲಾ ಉರಿದುಬಿದ್ದಳು. "ಕೌದಿ ಇರುವಿ ಹಡಿತದೇನ್ರಿ? ಮೊದಲ ನಿಮ್ಮ ಮನಿ ಸ್ವಚ್ಛ ಇಟ್ಕೋರಿ" ಎಂದು ಬರೆದು ಕಳಿಸಿದಳು. ಸಾಲದ್ದಕ್ಕೆ ಅದನ್ನೆಲ್ಲ ಕಟ್ಟೆಯ ಮೇಲೆ ಕೂತಿದ್ದ ಓಣಿಯವರಾದ ನಮಗೆ ಓದಿ ತೋರಿಸಿದಳು. "ಗಾದಿನೂ ಬೇಕಂತ ನೋಡ್ರಿ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು.

ಮಾಣಿಕಮ್ಮ ನಗಲಿಲ್ಲ. "ಫೋಟೊ ಕಳಸ್ಯಾಳೇನು? ತೋರ್ಸು."

ಫೋಟೊದಲ್ಲಿ ಇರುವೆ ಸಾಲು ಬೇರೆಲ್ಲೂ ಇರಲಿಲ್ಲ. ನೇರ ಕೌದಿಯ ಒಂದು ಮೂಲೆಗೆ ಹೋಗಿತ್ತು.

"ಅಯ್ಯ, ಅದು ನಾ ಕಡೀಗಿ ಹೊಲಿದ ಮೂಲಿ" ಎಂದರು ಮುದುಕಿ. ಕೌದಿ ಉಪವಾಸ ಇರಬಾರದೆಂದು ಕೊನೆಯ ಮೂಲೆ ಮುಚ್ಚುವಾಗ ಒಂದು ಚೂರು ಒಣರೊಟ್ಟಿ ಇಡುವುದು ಅವರ ಮನೆಯ ಪದ್ಧತಿ. "ಕೂಸಿಗಿ ಅಂದಿದ್ದಿ. ಅದಕ್ಕ ಹೋಳಿಗಿ ತುಂಡ ಇಟ್ಟೀನವ್ವಾ."

ಜಯಮಾಲಾಳ ಮುಖ ಸಪ್ಪಗಾಯಿತು. ಬೈಗುಳ ಬಿಟ್ಟು ಚಾಟನ್ನು ಮೊದಲಿನಿಂದ ಓದಿದಳು. ಕೌದಿಯ ಮಾಸಿದ ಬಣ್ಣವನ್ನು ಫೋಟೊದಲ್ಲಿ ನೋಡಿಯೇ ಫರಹತ್ ಒಪ್ಪಿದ್ದಳು, ಆ ದೂರು ನಿಲ್ಲುವುದಿಲ್ಲ. ಪುಕ್ಕಟೆ ಕೌದಿ, ಗಾದಿ ಸಿಟ್ಟಿನಲ್ಲಿ ಕೇಳಿದ್ದು. ಇರುವೆ ಮಾತ್ರ ತಮ್ಮದೇ. ಎಲ್ಲಕ್ಕೂ ಮೇಲೆ, ಸಿಟ್ಟು ಶುರುವಾಗುವ ಮುಂಚೆ, ಆಕೆ ಮೆತ್ತಗೆ ಕೇಳಿದ್ದಳು: "ಅಕ್ಕಾ, ಒಂದ್ ಮೂಲ್ಯಾಗ ಏನೋ ಗಟ್ಟಿ ಹತ್ತತದ. ಏನದು?" ಆ ಪ್ರಶ್ನೆಗೆ ಇವಳು ಉತ್ತರವನ್ನೇ ಕೊಟ್ಟಿರಲಿಲ್ಲ.

ಈಗ ಬರೆದಳು: "ತಪ್ಪು ನಮ್ಮದೇ ಅದರಿ. ಮೂಲ್ಯಾಗ ಹೋಳಿಗಿ ಇತ್ತು. ಪೂರಾ ರೊಕ್ಕ ವಾಪಸ್ ಹಾಕ್ತೀನಿ, ಕೌದಿ ತರಸ್ಕೊಳ್ಳೋ ಖರ್ಚೂ ನಂದೇ. ಗಾದಿ, ಪುಕ್ಕಟೆ ಕೌದಿ ಆಗಂಗಿಲ್ರಿ. ಕೂಸು ಹ್ಯಾಂಗದ? ಮನಿ ಬಗ್ಗೆ ಅಂದದ್ದಕ್ಕ ಮಾಫ್ ಮಾಡ್ರಿ."

ಉತ್ತರ ಬಂತು.

"ಕೂಸು ಆರಾಮ ಅದ. ಗಾದಿ ಮಾತು ಬಿಡ್ರಿ, ಸಿಟ್ನ್ಯಾಗ ಅಂದೆ. ಆದ್ರ ಅಕ್ಕಾ, ನಿಮ್ಮ ಮಾತು ಓದಿ ನಾ ಇಡೀ ಮನಿ ಎರಡ್ ಸಲ ತೊಳದೀನಿ."

ಜಯಮಾಲಾ ಅದನ್ನು ಮಾತ್ರ ನಮಗೆ ಓದಿ ಹೇಳಲಿಲ್ಲ. ಮೊಬೈಲನ್ನು ನನ್ನ ಕೈಗಿಟ್ಟು ಒಳಗೆ ಹೋದಳು.