ಹಾಜರಿ ಪುಸ್ತಕದಲ್ಲಿ ನಾನಿರಲಿಲ್ಲ

ಹೊಳೆನರಸೀಪುರದ ಎತ್ತಿನಗಾಡಿ ಕಾರ್ಖಾನೆಗೆ ನಾನು ಗುಮಾಸ್ತನಾಗಿ ಸೇರಿದಾಗ ಅಲ್ಲಿಯ ಲೆಕ್ಕವೆಲ್ಲ ಗೋಡೆಯ ಮೇಲಿತ್ತು. ಕೆಲಸಕ್ಕೆ ಬಂದವನಿಗೆ ಇದ್ದಿಲಿನ ಗೀಟು, ಮುಂಗಡ ತೆಗೆದುಕೊಂಡವನಿಗೆ ಸೊನ್ನೆ. ಕಮ್ಮಾರ ಗೋಡೆಗೊರಗಿ ಬೀಡಿ ಸೇದಿ ಎದ್ದರೆ ಬಡಗಿಯ ಒಂದು ವಾರ ಅವನ ಬೆನ್ನಿಗಂಟಿಕೊಂಡು ಹೊರಟುಹೋಗುತ್ತಿತ್ತು. ಬಟವಾಡೆಯ ದಿನ ಹೊಡೆದಾಟವೊಂದು ಬಾಕಿ.

ನಾನು ಪುಸ್ತಕ ತಂದೆ. ಆಳಿಗೊಂದು ಪುಟ. ಬಂದ ದಿನ, ರಜ, ಅರ್ಧ ದಿನ ಎಲ್ಲವನ್ನೂ ಆವತ್ತೇ ಬರೆಯುವುದು. ಮುಂಗಡವಾದರೆ ತಾರೀಖು ಹಾಕಿ, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಸಂಬಳದಲ್ಲಿ ಮುರಿದುಕೊಳ್ಳುವುದು. ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ಸಾರಿದವನೂ ನಾನೇ. ಒಬ್ಬೊಬ್ಬರ ಅರ್ಧ ದಿನ ಕಡಿಯುವಾಗ ನನಗೆ ಎಲ್ಲಿಲ್ಲದ ಗತ್ತು.

ಆ ತಿಂಗಳು ಬಾಗೂರಿಗೆ ಹೆಣ್ಣು ನೋಡಲು ಹೋಗುವುದಿತ್ತು. ಬೂಟು ಹಾಕಿಕೊಂಡೇ ಬರುತ್ತೇನೆಂದು ಹೇಳಿ ಕಳಿಸಿಬಿಟ್ಟಿದ್ದೆ. ಹಾಸನದಲ್ಲಿ ಬೂಟಿಗೆ ಐದು ರೂಪಾಯಿ. ದಿನಕ್ಕೆ ಎಂಟಾಣೆಯಂತೆ ಇಪ್ಪತ್ತಾರು ದಿನಕ್ಕೆ ಹದಿಮೂರು, ಮುಂಗಡ ಆರು ಕಳೆದರೆ ಏಳು. ಬೂಟು ಕಾಲಿಗೆ ಬಂದಂತೆಯೇ ಅಂದುಕೊಂಡಿದ್ದೆ.

ಬಟವಾಡೆಯ ದಿನ ಯಜಮಾನರು ನನ್ನ ಪುಟ ತೆರೆದರು. ಮುಂಗಡ ಆರು ರೂಪಾಯಿ, ನನ್ನದೇ ರುಜು. ಹಾಜರಿ ಮಾತ್ರ ಒಂದು ದಿನದ್ದೂ ಇಲ್ಲ. ಆಳುಗಳ ಸಾಲಿನಲ್ಲಿ ನನ್ನ ಹಾಜರಿ ಬರೆದುಕೊಳ್ಳುವುದು ನನಗೆ ಅವಮಾನವೆನಿಸಿತ್ತು.

"ಒಂದು ದಿನವೂ ಬಾರದೆ ಆರು ರೂಪಾಯಿ ಒಯ್ದಿದ್ದೀರಲ್ಲ," ಎಂದರು ಯಜಮಾನರು.

"ಪುಸ್ತಕದ ದಿನದಿನದ ಬರವಣಿಗೆಯೆಲ್ಲ ನನ್ನದೇ ಅಲ್ಲವೇ ಸ್ವಾಮಿ?"

"ಒಂದೇ ದಿನ ಕೂತು ಬರೆದಿದ್ದರೆ?"

ಕೊನೆಗೆ ಆಳುಗಳ ಸಾಕ್ಷಿಯ ಮೇಲೆ ದಿನ ಕೊಡುವುದೆಂದಾಯಿತು. ಬಡಗಿ ಮೊದಲು ಎದ್ದ. "ಮೊದಲ್ನೇ ಮಂಗಳವಾರ ಇದ್ರು ಸಾ. ಮಧ್ಯಾನ್ನಕ್ ಬಂದೆ ಅಂತ ನಂದು ಅರ್ಧ ದಿನ ಕಡುದ್ರು." ಯಜಮಾನರು ಪುಸ್ತಕ ನೋಡಿದರು. ಹೌದು, ಕಡಿದಿತ್ತು. ನನಗೆ ಒಂದು ದಿನ ಸಿಕ್ಕಿತು. ಕಮ್ಮಾರ ಹೇಳಿದ: "ಮಾರ್ನೇ ದಿನಾನೂ ಇದ್ರು. ಮುಂಗಡ ಕೇಳಿದ್ದಕ್ಕೆ ಉಗುದ್ರಲ್ಲ." ಇನ್ನೊಂದು ದಿನ. ಹೀಗೆ ನಾನು ಬೈದದ್ದು, ಕಡಿದದ್ದು, ರಜ ಕೊಡದೆ ಸತಾಯಿಸಿದ್ದು ಒಂದೊಂದಾಗಿ ಹೊರಬಂದವು. ಜನರಿಗೆ ಇಷ್ಟು ಜ್ಞಾಪಕವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಖ ಕೆಂಪಾದರೂ ಪ್ರತಿ ಬೈಗುಳಕ್ಕೂ ಎಂಟಾಣೆ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ.

ಹತ್ತೊಂಬತ್ತು ದಿನಕ್ಕೆ ಲೆಕ್ಕ ನಿಂತುಹೋಯಿತು. ಮುಂಗಡ ಕಳೆದರೆ ಮೂರೂವರೆ ರೂಪಾಯಿ. ಬೂಟಿಗೆ ಸಾಲದು.

"ಉಳಿದ ಏಳು ದಿನಾನೂ ಬಂದಿದ್ದೆನಪ್ಪ," ಎಂದು ಕಮ್ಮಾರನಿಗೆ ಅಂಗಲಾಚಿದೆ.

ಅವನು ನಿಜವಾಗಿಯೂ ಯೋಚನೆ ಮಾಡಿದ. ಪಾಪ, ಅವನ ಮುಖದಲ್ಲಿ ಹಗೆ ಏನೂ ಇರಲಿಲ್ಲ.

"ಬಂದಿದ್ರೆ ಬೈತಿದ್ರಲ್ಲ ಸಾ," ಎಂದ.