ನೂರಾ ಎಂಬತ್ತಾರು ಖಣ

ಆ ಮೂರು ದಿನಗಳನ್ನು ನೆನೆದರೆ ಈಗಲೂ ಬಸ್ಸಿನಲ್ಲಿ ಒಬ್ಬಳೇ ಕೂತು ನಕ್ಕುಬಿಡುತ್ತೇನೆ. ಪಕ್ಕದವರು ಸರಿದು ಕೂರುತ್ತಾರೆ.

ಜಮಖಂಡಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಕಪ್ಪನ್ನು ಬೇರೆಯವರ ಕೈಗೆ ಹೋಗಗೊಡದವಳು ನಾನು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಬಿಕಾಂ ಮುಗಿಸಿ ಆಡಿಟರ ಕಚೇರಿಗೆ ಸೇರಿದ ಮೇಲೂ ಚಟ ಹೋಗಿರಲಿಲ್ಲ. ಸಾಹೇಬರು ನನ್ನ ಬಾಯಿಯ ಕಾಟ ತಡೆಯದೆಯೋ ಏನೋ, ಬನಹಟ್ಟಿಯ ಒಂದು ಸೀರೆ ಅಂಗಡಿಗೆ ನನ್ನನ್ನೇ ಒಬ್ಬಳನ್ನು ಕಳಿಸಿದರು. ಅಂಗಡಿಯಲ್ಲಿ ಲೆಕ್ಕಕ್ಕಿಂತ ಮಾಲು ಕಡಿಮೆ ಬರುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ನೋಡಬೇಕಿತ್ತು. ಮಾಲೀಕರಿಗೆ ಮುಧೋಳದಲ್ಲಿ ಇನ್ನೊಂದು ಅಂಗಡಿ. ಹೆಚ್ಚಾಗಿ ಅಲ್ಲಿಯೇ ಇರುತ್ತಿದ್ದರು. ಬನಹಟ್ಟಿಯ ಗಲ್ಲಾ ನೋಡಿಕೊಳ್ಳುತ್ತಿದ್ದದ್ದು ರಬಕವಿಯ ನೇಕಾರರ ಮನೆಯ ಸೊಸೆ, ನನಗಿಂತ ಹತ್ತು ವರ್ಷ ದೊಡ್ಡವಳು. ಕಳ್ಳತನ ರುಜುವಾತಾದರೆ ಆಕೆಯನ್ನು ಮನೆಗೆ ಕಳಿಸುವುದು ಎಂದು ಮಾಲೀಕರು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಆಕೆಗೂ ಅದು ಗೊತ್ತಿತ್ತು.

ಮೊದಲ ದಿನ ವಾರದ ರಜೆ. ಅರ್ಧ ಶಟರ್ ಎತ್ತಿ ನನ್ನನ್ನು ಒಳಗೆ ಬಿಟ್ಟರು. ಮಾಲೀಕರ ತಾಯಿ ಮೇಲಿನ ಮನೆಯಿಂದ ಇಳಿದು ಬಂದು, ಹೊಸದಾಗಿ ಬಂದ ಹೆಣ್ಣುಮಗಳೆಂದು ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ, ಒಂದು ಖಣ, ಅಂದರೆ ಕುಪ್ಪಸದ ಬಟ್ಟೆ, ಕೈಗೆ ಇಟ್ಟರು.

"ಅಮ್ಮಾ, ನಂದಿನ್ನೂ ಮದುವಿ ಆಗಿಲ್ರಿ."

"ಆಗಾಕ ಏನ ಅಡ್ಡಿ ಐತಿ? ಇಟಗೋ, ಸುಮ್ನ."

ಇಂಥ ಪದ್ಧತಿಗಳ ವಿರುದ್ಧ ಹತ್ತು ನಿಮಿಷ ಮಾತಾಡಬಲ್ಲೆನಾದರೂ ಖಣದ ಅಂಚು ಬಹಳ ಚೆಂದವಿತ್ತು. ಚೀಲಕ್ಕೆ ಹಾಕಿಕೊಂಡು ಕೆಲಸ ಶುರುಮಾಡಿದೆ.

ಎಣಿಸುವುದಕ್ಕೂ ಒಂದು ಶಿಸ್ತಿದೆ. ಕಂಪ್ಯೂಟರ್ ಏನು ಹೇಳುತ್ತದೆಂದು ಎಣಿಸುವವರಿಗೆ ತೋರಿಸಬಾರದು. ಒಬ್ಬರು ಎಣಿಸಬೇಕು, ಒಬ್ಬರು ಬರೆಯಬೇಕು, ಮುಗಿದ ಕಪಾಟಿಗೆ ಚೀಟಿ ಅಂಟಿಸಬೇಕು. ಸಂಜೆ ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟೆ. ಸೀರೆ, ಧೋತರ, ಟವೆಲ್ಲು ಎಲ್ಲ ಸರಿ. ಖಣ ಮಾತ್ರ ನೂರಾ ಎಂಬತ್ತಾರು ಕಡಿಮೆ. ಒಂದಕ್ಕೆ ನೂರಾ ಹತ್ತರಂತೆ ಇಪ್ಪತ್ತು ಸಾವಿರ ದಾಟುತ್ತಿತ್ತು.

ನನಗೆ ಚರ್ಚಾಸ್ಪರ್ಧೆಯ ಕಪ್ಪು ಕೈಗೆ ಬಂದಷ್ಟು ಖುಷಿ. ಎರಡನೆಯ ದಿನ ಬಿಲ್ಲಿಂಗ್ ಯಂತ್ರದ ಹಿಂದಿನ ಲೆಕ್ಕ ತೆಗೆಸಿದೆ. ಐದು ತಿಂಗಳ ಹಿಂದಿನವರೆಗೆ ಪ್ರತಿ ದೊಡ್ಡ ಬಿಲ್ಲಿನಲ್ಲೂ ಒಂದು ಖಣಕ್ಕೆ ನೂರಕ್ಕೆ ನೂರು ರಿಯಾಯಿತಿ! ಅಷ್ಟು ರಿಯಾಯಿತಿಗೆ ಮಾಲೀಕರ ಗುಪ್ತ ಸಂಖ್ಯೆ ಬೇಕು. ಅದು ಪ್ರತಿ ಸಲವೂ ಬಿದ್ದಿತ್ತು. ಆಮೇಲೆ ಒಂದು ದಿನ ಥಟ್ಟನೆ ನಿಂತಿತ್ತು. ಮಧ್ಯಾಹ್ನ ಹೇಳದೆ ಕೇಳದೆ ಗಲ್ಲಾ ತೆರೆಸಿ ನೋಟು, ಚಿಲ್ಲರೆ ಎಣಿಸಿದೆ. ಬೆಳಗಿನ ಚಿಲ್ಲರೆ, ಅಂದಿನ ವ್ಯಾಪಾರ ಕೂಡಿಸಿದರೆ ಇರಬೇಕಾದ್ದಕ್ಕಿಂತ ಮೂವತ್ತೇಳು ರೂಪಾಯಿ ಹೆಚ್ಚು, ಎಲ್ಲ ನಾಣ್ಯ.

"ಇವು ಎಲ್ಲಿಂದ ಬಂದ್ವು?" ಎಂದೆ.

"ಬರ್ತಾವ್ರಿ ಮೇಡಂ," ಎಂದಳು ಆಕೆ, ನೆಲ ನೋಡುತ್ತ.

ಬರ್ತಾವಂತೆ! ನಾನು ರಾತ್ರಿ ಉಂಡದ್ದೂ ನೆನಪಿಲ್ಲ. ವಾದ ತಾನೇ ಹೆಣೆದುಕೊಳ್ಳುತ್ತಿತ್ತು.

ಮೂರನೆಯ ದಿನ ಮಾಲೀಕರು ಮುಧೋಳದಿಂದ ಬಂದು ಗಾದಿಯ ಮೇಲೆ ಕೂತರು. ಆಕೆ ಗಲ್ಲಾದ ಬಳಿ ನಿಂತಳು. ನಾನು ಎದ್ದು ನಿಂತೇ ಮಾತಾಡಿದೆ, ವೇದಿಕೆ ಇದ್ದಂತೆ. ಮೊದಲು ನಿಮ್ಮ ಸಂಖ್ಯೆ ಬಳಸಿ ಖಣಗಳನ್ನು ಪುಕ್ಕಟೆ ಮಾಡಿಕೊಂಡಳು. ಸಿಕ್ಕಿಬೀಳುವ ಭಯ ಹುಟ್ಟಿ ಅದನ್ನು ಬಿಟ್ಟಳು. ಆಮೇಲೆ ಬಿಲ್ಲೇ ಇಲ್ಲದೆ ಸಾಗಿಸಿದಳು. ಮನಸ್ಸು ಚುಚ್ಚಿದಾಗ ನಾಣ್ಯ ತಂದು ಗಲ್ಲಾಕ್ಕೆ ಹಾಕಿದಳು. ಒಂದು ಎಳೆಯೂ ಸಡಿಲವಿರಲಿಲ್ಲ.

"ನನ್ನ ನಂಬರ ನಿನಗ ಹೆಂಗ ಸಿಕ್ತವಾ?" ಮಾಲೀಕರು ಗುಡುಗಿದರು.

"ನೀವ ಹೇಳಿದ್ರೆಲ್ರಿ ಸಾವಕಾರ್ರ. ಫೋನ್ ಮಾಡಿದ್ರ ಸಾಕು, ಯಾಕ ಅಂತನೂ ಕೇಳ್ತಿರಲಿಲ್ಲ, 'ಹೊಡಿ, ಹೊಡಿ' ಅಂತಿದ್ರಿ."

ಮಾಲೀಕರು ಕೆಮ್ಮಿದರು. "ಖಣ ಎಲ್ಲಿ ಹೋದವು, ಅದನ್ನ ಹೇಳು ಮೊದಲ."

ಆಕೆ ಮೆಟ್ಟಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು. ನಾನು ಇನ್ನೊಂದು ಅಂಶ ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ತಾಯಿ ಚಹಾದ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದರು.

"ಏ ತಂಗಿ, ಆ ಖಣಾ ಹೊಲಿಸಾಕ ಕೊಟ್ಟಿಯೋ ಇಲ್ಲೋ? ನಮ್ಮ ಓಣ್ಯಾಗ ಛಲೋ ಟೇಲರ್ ಅದಾನು."

ಮೊದಲ ದಿನ ಕೈಗೆ ಬಂದದ್ದು ಆಗ ನೆನಪಾಯಿತು. ಚೀಲದಿಂದ ಖಣ ತೆಗೆದೆ. ಮಡಿಕೆಯೊಳಗೆ ಅಂಗಡಿಯ ಗೆರೆಗೆರೆ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಯಂತ್ರಕ್ಕೆ ಹಿಡಿದೆ. ಪೀಂ ಎಂದಿತು. ಖಣ, ನೂರಾ ಹತ್ತು ರೂಪಾಯಿ.

"ನೂರಾ ಎಂಬತ್ತಾರರಾಗ ಅದೂ ಒಂದ್ರಿ ಮೇಡಂ," ಎಂದಳು ಆಕೆ, ಮೂಗು ಒರೆಸಿಕೊಳ್ಳುತ್ತ.

ಮೊದಲು ನಕ್ಕವರು ಯಾರೋ ತಿಳಿಯದು. ನಾನೇ ಇರಬೇಕು. ಮಾಲೀಕರ ಚಹಾ ಬಟ್ಟಲಿಂದ ಚೆಲ್ಲಿತು. ತಾಯಿಗೆ ಮಾತ್ರ ಏನೂ ತಿಳಿಯಲಿಲ್ಲ.

"ಯಾಕ ನಗ್ತೀರಿ? ಲಗ್ನದ ಸೀರಿ ತಗೊಂಡ ಹೆಣ್ಣಮಗಳ್ನ ಖಾಲಿ ಉಡೀಲೆ ಕಳಸಾಕ ಬರ್ತೈತೇನ? ನಿಮ್ಮಪ್ಪ ಇದ್ದಾಗಿಂದ ಮಾಡಾಕತ್ತೇನಿ. ಅವರು ಕುಂಕುಮದ ತಟ್ಟ್ಯಾಗ ಹಾಕಿದ ರೂಪಾಯಿನೂ ಗಲ್ಲಾದಾಗ ಹಾಕು ಅಂತ ಈಕಿ ಕೈಯಾಗ ಕೊಡ್ತೇನಿ. ಒಂದು ಪೈಸೆ ಇಟಗೊಂಡಿಲ್ಲ ನಾ."

ಮೂವತ್ತೇಳು ರೂಪಾಯಿ!

"ಮೊದಲೇ ಹೇಳಬೇಕಿಲ್ಲೋ?" ಎಂದೆ ಆಕೆಗೆ.

"ದೊಡ್ಡವರ ಹೆಸರ ನಾ ಹೆಂಗ ಹೇಳ್ಲಿ? ಬಿಲ್ಲಿನಾಗ ತೋರಿಸಬೇಕಂತ ಪೂರಾ ರಿಯಾಯ್ತಿ ಹಾಕತಿದ್ನಿ. ಐದ ತಿಂಗಳ ಹಿಂದ ಯಾರೋ ಹತ್ತಕ್ಕಿಂತ ಮ್ಯಾಲ ಹೋಗದಂಗ ಮಾಡಿದ್ರು. ನಂಬರ ಹೊಡದ್ರೂ ಮಷಿನ್ ಒಲ್ಲೆ ಅಂತೈತಿ. ಆಮ್ಯಾಲ ಹೆಂಗ ಬರೀಲಿ?"

ಯಾರೋ! ನನ್ನ ಕಡತದಲ್ಲಿ ಹೋದ ಸಲದ ವರದಿ ಇತ್ತು. ತೆಗೆದೆ. ನಾಲ್ಕನೆಯ ಸಲಹೆ: ರಿಯಾಯಿತಿಗೆ ನೂರಕ್ಕೆ ಹತ್ತರ ಮಿತಿ ಹಾಕತಕ್ಕದ್ದು. ಕೆಳಗೆ ನಮ್ಮದೇ ಕಚೇರಿಯ ಮುದ್ರೆ. ಕಳ್ಳಿಗೆ ಭಯ ಹುಟ್ಟಿದ ದಿನ ಎಂದು ನಾನು ಗುರುತು ಹಾಕಿದ್ದೆನಲ್ಲ, ಅದು ನಾವೇ ಬಾಗಿಲು ಮುಚ್ಚಿದ ದಿನ.

ಆದರೂ ನನ್ನ ಸಂಶಯ ಅಷ್ಟು ಸುಲಭಕ್ಕೆ ಸಾಯುವಂಥದಲ್ಲ. ನಗುತ್ತಲೇ ಮಿತಿ ಬಿದ್ದ ದಿನದಿಂದ ನನ್ನ ಎಣಿಕೆಯ ದಿನದವರೆಗಿನ ಲಗ್ನದ ಸೀರೆಯ ಬಿಲ್ಲುಗಳನ್ನು ತೆಗೆದು ಎಣಿಸಲು ಕೂತೆ. ಆಕೆಯೂ ಪಕ್ಕದಲ್ಲಿ ಕೂತಳು. ನೂರಾ ಎಂಬತ್ತೈದು. ಮತ್ತೊಮ್ಮೆ ಎಣಿಸಿದೆವು, ಅಷ್ಟೇ. ನನ್ನದೊಂದು ಸೇರಿಸಿದರೆ ಪೂರಾ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಬಡಿದುಕೊಂಡು ಕುಣಿಯುವುದೊಂದು ಬಾಕಿ.

"ನಾಳಿಯಿಂದ ಬರಬ್ಯಾಡ ಅಂತೀನಿ ಅಂತ ಮಾಡಿದ್ದೆ," ಮಾಲೀಕರು ತಲೆ ಕೆರೆದುಕೊಂಡರು. "ಈಗ ನಾಳಿ ಒಂದ್ ತಾಸ ಲಗೂ ಬಾ. ಲಗ್ನದ ಮಂದಿ ಬರೋರದಾರ."

ವರದಿ ಅಲ್ಲೇ ಕೂತು ತಿದ್ದಿದೆ. ಗುಪ್ತ ಸಂಖ್ಯೆಯನ್ನು ಫೋನಿನಲ್ಲಿ ಹೇಳಕೂಡದು. ರಿಯಾಯಿತಿಯ ಮಿತಿ ಹಾಗೆಯೇ ಇರಲಿ. ಉಡಿಯ ಖಣಕ್ಕೆ ಬೆಲೆಯಿಲ್ಲದ ಬೇರೆ ಲೆಕ್ಕ, ಬಿಲ್ಲಿನ ನಂಬರು ಬರೆದು ಪಡೆದವರ ಸಹಿ ಹಾಕಿಸುವ ಪುಸ್ತಕ. ತಟ್ಟೆಯ ನಾಣ್ಯಕ್ಕೆ ಪ್ರತ್ಯೇಕ ಡಬ್ಬಿ. ಉಳಿದದ್ದು ನನ್ನ ಖಣ. ಆಡಿಟಿಗೆ ಬಂದವಳು ಅಂಗಡಿಯ ಮಾಲು ಒಯ್ಯುವಂತಿಲ್ಲ. ವಾಪಸು ಇಟ್ಟೆ.

"ಉಡಿಯಾಗ ಹಾಕಿದ್ದು ವಾಪಸ್ ತಗೋತಾರೇನ?" ತಾಯಿಗೆ ಸಿಟ್ಟೇ ಬಂತು.

ನೂರಾ ಹತ್ತು ರೂಪಾಯಿ ಕೊಡಲು ಹೋದರೆ ಇನ್ನೂ ಸಿಟ್ಟು. ಸೀರೆ ಕೊಳ್ಳದವಳಿಗೆ ಖಣದ ಹಕ್ಕಿಲ್ಲ ಎಂದೆ. ತಾಯಿ ಪಟ್ಟು ಬಿಡಲಿಲ್ಲ. ಕಾಲು ತಾಸು ವಾದಿಸಿದೆ, ಆ ದಿನ ಎರಡನೆಯ ಸಲ ಸೋತೆ. ಕಪಾಟಿನಿಂದ ಅಗ್ಗದ್ದೊಂದು ಸೀರೆ ತೆಗೆದು ಗಲ್ಲಾದ ಮೇಲಿಟ್ಟೆ.

ಆಕೆ ಬಿಲ್ಲು ಹೊಡೆದಳು, ಹಣ ಎಣಿಸಿಕೊಂಡಳು, ಚಿಲ್ಲರೆ ಕೊಟ್ಟಳು. ಆಮೇಲೆ ಹೊಸ ಪುಸ್ತಕದ ಮೊದಲ ಹಾಳೆ ತೆರೆದು ನನ್ನತ್ತ ತಿರುಗಿಸಿದಳು.

"ಸಹಿ ಮಾಡ್ರಿ ಮೇಡಂ. ನಂಬರ ಒಂದು."