ಹನ್ನೊಂದನೆಯ ಕಾಗದದ ಆರು ಸಾಲು

ನಮ್ಮೂರು ಮಂಕಿಯಿಂದ ಪಕ್ಕದ ಮನೆಯವರ ಕಾರ್ಡು ಬಂತು. ನಿಮ್ಮ ಅತ್ತೆಯ ಮರದ ಪೆಟ್ಟಿಗೆಗೆ ಗೆದ್ದಲು ಬಿದ್ದಿದೆ, ನಿನ್ನೆಯಿಂದ ಅವರು ಉಂಡಿಲ್ಲ, ಕೂಡಲೆ ಬನ್ನಿ ಎಂದಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕುಮಟೆಯ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ.

ಅತ್ತೆ ನನ್ನ ಅಪ್ಪನ ಅಕ್ಕ. ಅವಳ ಗಂಡ ಮದುವೆಯಾದ ಎರಡನೆಯ ವರ್ಷ ದೋಣಿ ಬಿಟ್ಟು ಸೈನ್ಯಕ್ಕೆ ಸೇರಿ ಬರ್ಮಾದ ಕಡೆ ಹೋದವರು, ತಿರುಗಿ ಬರಲಿಲ್ಲ. ಸತ್ತರೆಂದೂ ಯಾರೂ ಹೇಳಲಿಲ್ಲ. ಬಂದದ್ದು ಹದಿನಾರು ಕಾಗದ. ಓದು ಬಾರದ ಅತ್ತೆಗೆ ಅವನ್ನು ಓದಿ ಹೇಳುತ್ತಿದ್ದವರು ಅಪ್ಪ. ಕೇಳಿ ಕೇಳಿ ಅಷ್ಟೂ ಕಾಗದ ಅವಳಿಗೆ ಬಾಯಿಪಾಠವಾಗಿತ್ತು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ನಮ್ಮ ಮನೆ ನಡೆಸಿದವಳು, ನನ್ನನ್ನು ಶಾಲೆಗೆ ಕಳಿಸಿದವಳು ಅವಳೇ. ಸಂಜೆ ನನ್ನ ತಲೆ ಬಾಚುತ್ತ ಒಂದೊಂದೇ ಕಾಗದ ಹೇಳುತ್ತಿದ್ದಳು. ಹಾಗಾಗಿ ನನಗೂ ಅವು ಬಾಯಿಗೆ ಬಂದಿದ್ದವು. ಕಣ್ಣಾರೆ ಮಾತ್ರ ನಾನು ನೋಡಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದವರೇ ಇರಲಿಲ್ಲ.

ನಾನು ಹೋದಾಗ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ಕಾಗದ ಮಣ್ಣಾಗಿದ್ದವು. ಉಳಿದವು ಮಡಿಕೆಯಲ್ಲಿ ಹರಿಯುತ್ತಿದ್ದವು. ಅವಳ ಕಣ್ಣಿಗೂ ಪೊರೆ ಬಂದಿತ್ತು. ಬೆರಳಿನಿಂದ ಸವರಿ ಸವರಿ ಎಣಿಸುತ್ತಿದ್ದಳು. ಮುಟ್ಟಿದಲ್ಲೆಲ್ಲ ಅಂಚು ಉದುರುತ್ತಿತ್ತು.

"ಕೊಡು ಅತ್ತೆ, ಕುಮಟೆಗೆ ತಕಂಡು ಹೋಗಿ ಫೋಟೋ ತೆಗೆಸ್ತೆ" ಎಂದೆ.

"ಕೊಡೂದಿಲ್ಲ. ಹಿಂದೆ ಒಬ್ಬ ಸಾಹೇಬ ವಿಚಾರಣೆ ಮಾಡ್ತೆ ಅಂತ ಕಡೇ ಕಾಗ್ದ ತಕಂಡು ಹೋದ. ಅವ್ನೂ ಬರ್ಲಿಲ್ಲ, ಕಾಗ್ದಾನೂ ಬರ್ಲಿಲ್ಲ. ಎಂತ ಹೇಳ್ದ್ರೂ ಕೊಡೂದಿಲ್ಲ."

ಬೇಡಿಕೊಂಡೆ, ಕಣ್ಣೀರು ಹಾಕಿದೆ, ಸಿಟ್ಟು ಮಾಡಿದೆ. ಅವಳು ಪೆಟ್ಟಿಗೆಯ ಮೇಲೆ ಬಗ್ಗಿ ಮಲಗಿಬಿಟ್ಟಳು. ಇನ್ನೊಂದು ಮಳೆಗಾಲಕ್ಕೆ ಉಳಿದದ್ದೂ ಹೋಗುತ್ತದೆ ಎಂಬುದು ನನಗೆ ಖಂಡಿತವಿತ್ತು. ಕುಮಟೆಗೆ ಬಂದವಳು ಮೊದಲು ಸ್ಟುಡಿಯೋದವರನ್ನು ಕಂಡು ಎಲ್ಲ ಕೇಳಿ ತಿಳಿದುಕೊಂಡೆ. ಆಮೇಲೆ ಅವಳಿಗೆ ಕಾಗದ ಬರೆದೆ. ಅವಳು ನಂಬುತ್ತಿದ್ದದ್ದು ಕಾಗದವನ್ನೇ. ಅದರ ನಕಲು ಈಗಲೂ ನನ್ನಲ್ಲಿದೆ:

"ಅತ್ತೆಗೆ ನಮಸ್ಕಾರ. ಇದನ್ನು ಪೋಸ್ಟಿನವರು ನಿಧಾನ ಓದಲಿ, ನೀನು ಪೂರ್ತಿ ಕೇಳು. ಕಾಗದಗಳನ್ನು ಪೋಸ್ಟಿನಲ್ಲಿ ಕಳಿಸುವುದು ಬೇಡ, ಬೇರೆಯವರ ಕೈಗೆ ಕೊಡುವುದೂ ಬೇಡ. ಭಾನುವಾರ ನಾನೇ ಬರುತ್ತೇನೆ. ನಿನ್ನ ಎದುರೇ ಒಂದೊಂದಕ್ಕೂ ಬೇರೆ ಬೇರೆ ಲಕೋಟೆ ಹಾಕಿ, ಲಕೋಟೆಯ ಮೇಲೆ ಮಾತ್ರ ನಂಬರು ಬರೆಯುತ್ತೇನೆ. ಕಾಗದದ ಮೇಲೆ ಒಂದು ಗೀಟೂ ಎಳೆಯುವುದಿಲ್ಲ. ಯಾವುದು ಎಷ್ಟು ಹಾಳೆ, ಎಲ್ಲಿ ಹರಿದಿದೆ ಎಂದು ಎರಡು ಪಟ್ಟಿ ಮಾಡಿ ಒಂದನ್ನು ನಿನಗೆ ಕೊಡುತ್ತೇನೆ. ಎರಡರಲ್ಲೂ ನನ್ನ ಸಹಿ, ನಿನ್ನ ಹೆಬ್ಬೆಟ್ಟು.

"ಸ್ಟುಡಿಯೋದಲ್ಲಿ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಾರೆ. ಅಂಟಿದ ಮಡಿಕೆಯನ್ನು ಎಳೆಯುವುದಿಲ್ಲ. ಇಸ್ತ್ರಿ ಹಾಕುವುದಿಲ್ಲ, ಗೋಂದು ಹಚ್ಚುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಕಾಗದ ಬಿಡಿಸಿ, ಮೇಲೆ ಒರೆಸಿದ ಗಾಜು ಇಟ್ಟು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಗೆ ಮುಖ ಮಾಡಿ ತೆಗೆಯುತ್ತಾರೆ. ಗಾಜು ಹೊಳೆಯದ ಹಾಗೆ ಎರಡೂ ಪಕ್ಕದಿಂದ ಓರೆಯಾಗಿ ದೀಪ. ಪೆನ್ಸಿಲು ಮಾಸಿದ ಕಡೆ ಒಂದೇ ದೀಪವನ್ನು ಕೆಳಗಿಟ್ಟು ತೆಗೆದರೆ ಒತ್ತಿ ಬರೆದ ಗೆರೆ ಎದ್ದು ಕಾಣುತ್ತದಂತೆ. ಮುಂದೆ, ಹಿಂದೆ, ವಿಳಾಸದ ಕಡೆ, ಎಲ್ಲ ಎರಡೆರಡು ಸಲ. ಅವತ್ತೇ ರೀಲು ತೊಳೆದು ಭೂತಗನ್ನಡಿಯಲ್ಲಿ ನೋಡಿ, ಮಸುಕಾದದ್ದನ್ನು ಮತ್ತೆ ತೆಗೆಯುತ್ತಾರೆ. ಅಷ್ಟಾಗುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ. ಮಾರನೆಯ ಭಾನುವಾರ ತಂದು, ಪಟ್ಟಿ ಹಿಡಿದು ನಿನ್ನ ಕೈಗೆ ಎಣಿಸಿ ಕೊಡುತ್ತೇನೆ.

"ಟೈಪು ಮಾಡುವುದು ಫೋಟೋ ನೋಡಿ. ಕಾಗದವನ್ನು ಮತ್ತೆ ಬಿಡಿಸುವ ಕೆಲಸವಿಲ್ಲ. ಮಾವ ತಪ್ಪು ಬರೆದಿದ್ದರೂ ತಿದ್ದುವುದಿಲ್ಲ. ಗುಟ್ಟು ಹೊರಬೀಳದಿರಲಿ ಎಂದು ಸೈನ್ಯದವರು ಬ್ಲೇಡಿನಿಂದ ತೆಗೆದ ಕಡೆ 'ಇಲ್ಲಿ ಕತ್ತರಿಸಿದೆ' ಎಂದು ಹಾಕುತ್ತೇನೆ. ಓದಲಾಗದ ಕಡೆ ಚುಕ್ಕಿ. ಊಹೆ ಮಾಡಿ ತುಂಬುವುದಿಲ್ಲ. ಒಂದಕ್ಷರ ಬಿಡುವುದಿಲ್ಲ, ಒಂದಕ್ಷರ ಸೇರಿಸುವುದಿಲ್ಲ. ಆಮೇಲೆ ಎಷ್ಟು ಸಲ ಬೇಕಾದರೂ ಓದಿಸಿಕೊಳ್ಳಬಹುದು, ಕಾಗದ ಸವೆಯುವುದಿಲ್ಲ."

ಪೋಸ್ಟಿನವರು ಆಮೇಲೆ ಹೇಳಿದರು: ಒಂದಕ್ಷರ ಬಿಡುವುದಿಲ್ಲ ಎಂಬ ಸಾಲನ್ನು ಅವಳು ಮೂರು ಸಲ ಓದಿಸಿದಳಂತೆ. ಕೊನೆಗೆ "ಆತು, ಬರ್ಲಿ" ಎಂದಳಂತೆ.

ಬರೆದ ಹಾಗೇ ಎಲ್ಲ ನಡೆಯಿತು. ಹೊನ್ನಾವರದಲ್ಲಿ ಬಸ್ಸು ಬದಲಿಸುವಾಗ ಚೀಲವನ್ನು ಎದೆಗೆ ಅವುಚಿಕೊಂಡಿದ್ದೆ. ಎಂಟು ದಿನಕ್ಕೆ ಹದಿಮೂರೂ ಕಾಗದ ಅವಳ ಕೈ ಸೇರಿದವು. ಒಂದೊಂದೇ ಲಕೋಟೆ ಮುಟ್ಟಿ ಎಣಿಸಿದಳು. ಅವತ್ತು ಅವಳು ಒತ್ತಾಯ ಮಾಡಿ ಎರಡು ಸಲ ಅನ್ನ ಬಡಿಸಿದ್ದು ನೆನಪಿದೆ.

ಆಫೀಸು ಮುಗಿದ ಮೇಲೆ ದಿನಕ್ಕೊಂದು ಟೈಪು ಮಾಡುತ್ತಿದ್ದೆ. ಹನ್ನೊಂದನೆಯದು ನನಗೆ ಬಾಯಿಪಾಠ. "ಚಳಿ ಬಹಳ, ಕಂಬಳಿ ಕೊಟ್ಟಿದ್ದಾರೆ, ಮನೆಯವರಿಗೆಲ್ಲ ನಮಸ್ಕಾರ" ಎಂದು ಅದು ಮುಗಿಯಬೇಕಿತ್ತು. ಫೋಟೋದಲ್ಲಿ ಕಂಬಳಿಗೂ ನಮಸ್ಕಾರಕ್ಕೂ ನಡುವೆ ಇನ್ನೂ ಆರು ಸಾಲಿದ್ದವು. ಕೆಳಗಿಟ್ಟ ದೀಪಕ್ಕೆ ಒಂದೊಂದು ಅಕ್ಷರವೂ ಎದ್ದು ನಿಂತಿತ್ತು.

"ಇಲ್ಲಿಂದ ನಾನು ಬರುವುದು ಖಾತ್ರಿ ಇಲ್ಲ. ಸಂಗಡದವರು ಬಹಳ ಹೋದರು. ಮುಂದಿನ ಮಳೆಗಾಲದವರೆಗೆ ನೋಡು. ಕಾಗದ ಬರದಿದ್ದರೆ ಬೇರೆ ಮದುವೆ ಆಗು. ನನಗೆ ಸಿಟ್ಟಿಲ್ಲ. ಇದು ನನ್ನ ಮಾತು, ಇದನ್ನು ಅವಳಿಗೆ ಓದಿ ಹೇಳತಕ್ಕದ್ದು."

ಅಪ್ಪ ಓದಿರಲಿಲ್ಲ. ಯಾಕೆ ಎಂದು ಕೇಳಲು ಅವರಿಲ್ಲ. ಆದರೆ ನಮ್ಮ ಮನೆ ಯಾರ ಬುಟ್ಟಿಯಿಂದ ನಡೆಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಆ ಬುಟ್ಟಿಯಿಂದಲೇ ಕಲಿತ ಟೈಪಿಂಗಿನಲ್ಲಿ ಈಗ ಈ ಸಾಲು ಬಡಿಯಬೇಕು. ಮೂರು ದಿನ ಹಾಳೆ ಮೆಷಿನ್ನಿನಲ್ಲೇ ಇತ್ತು. ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನಾಲ್ಕನೆಯ ದಿನ ಆರೂ ಸಾಲು ಟೈಪು ಮಾಡಿದೆ. ಧೈರ್ಯದಿಂದಲ್ಲ, ಬಿಟ್ಟರೆ ನಾನೂ ಅಪ್ಪನೇ ಆಗುತ್ತೇನೆ ಎಂಬ ಹೆದರಿಕೆಯಿಂದ.

ಮಂಕಿಯಲ್ಲಿ ಕೂತು ಮೊದಲಿನಿಂದ ಓದಿದೆ. ಅತ್ತೆ ಪ್ರತಿ ಸಾಲನ್ನೂ ನನಗಿಂತ ಮುಂಚೆ ಹೇಳುತ್ತ, ನಗುತ್ತ ಕೂತಿದ್ದಳು. ಕಂಬಳಿಯ ನಂತರ ಅವಳು ನಮಸ್ಕಾರ ಎಂದಳು. ನಾನು ಬೇರೆ ಓದಿದೆ.

"ಎಂತ? ಇನ್ನೊಂದ್ ಸಲ ಓದು."

ಓದಿದೆ.

"ಅದು ಅವ್ರು ಬರ್ದದ್ದೇ ಅಲ್ದಾ? ನೀ ಸೇರ್ಸದ್ದಲ್ಲ ಅಲ್ದಾ?"

"ಅವ್ರೇ ಬರ್ದದ್ದು ಅತ್ತೆ."

ಅವಳು ನನ್ನ ಕೈಯ ಹಾಳೆಯನ್ನು ಬೆರಳಿನಿಂದ ಸವರಿದಳು. "ಕಾಗ್ದ ನಿಂತ ಮರುವರ್ಷ ಭಟ್ಕಳದಿಂದ ಒಬ್ರು ನನ್ನ ಮದ್ವೆಗೆ ಕೇಳ್ಕಂಡು ಬಂದಿದ್ರು. ಒಳ್ಳೇವ್ರು, ಸ್ವಂತ ದೋಣಿ ಇತ್ತು. ಎಂತ ಹೇಳೂದು ಅಂತ ನಿನ್ನಪ್ಪ ನನ್ನೇ ಕೇಳ್ದ. ಬರ್ತ್ರು, ಕಾಯ್ತೆ ಅಂದೆ. ಅವ ಎದ್ರಿಗೇ ಕೂತಿದ್ದ ಮಗಾ. ಆಗ್ಲೂ ಹೇಳ್ಲಿಲ್ಲ."

ನಾನು ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ನೀ ಈಗ ಹೋಗು. ಬಸ್ಸು ತಪ್ತದೆ."

ನಾಲ್ಕು ತಿಂಗಳು ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಭಾನುವಾರ ಭಾನುವಾರ ಹೋದೆ. ಚಾ ಕೊಡುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅಪ್ಪನ ಫೋಟೋವನ್ನು ಯಾರ ಕೈಯಲ್ಲೋ ಗೋಡೆಯಿಂದ ಇಳಿಸಿ ನನಗಾಗಿ ಬಾಗಿಲ ಹತ್ತಿರ ಇಟ್ಟಿದ್ದಳು. ಅದನ್ನು ಕುಮಟೆಗೆ ತೆಗೆದುಕೊಂಡು ಬಂದೆ.

ಒಂದು ಭಾನುವಾರ ಅವಳಾಗಿಯೇ "ಓದು" ಎಂದಳು. ಹನ್ನೊಂದನೆಯದನ್ನು ಕಂಬಳಿಯವರೆಗೆ ಓದಿ ನಿಲ್ಲಿಸಿದೆ.

"ಎಂತಕ್ಕೆ ನಿಲ್ಸ್ತೆ? ಅದ್ನೂ ಓದು. ಅವ್ರು ನನ್ನ ಬಗ್ಗೆ ಯೋಚ್ನೆ ಮಾಡಿ ಬರ್ದದ್ದು ಅದೊಂದೇ."

ಓದಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕೇಳಿದಳು. ಆಮೇಲೆ ಹನ್ನೆರಡನೆಯದು ಓದು ಎಂದಳು.